ಸಂಚಕಾರ, ಕಂತು, ತಗಾದೆ: ಆರ್ಡರ್ ಫಾರ್ಮಿಗೆ ಯಾವ ಪದ?

ಬಳಗದವರಿಗೆ ನಮಸ್ಕಾರ. ಧಾರವಾಡದಲ್ಲಿ ನಮ್ಮದು ಸಾಗವಾನಿ ಕೆಲಸದ ಅಂಗಡಿ. ದೇವರ ಮಂಟಪ, ಕೆತ್ತನೆಯ ಬಾಗಿಲು ಮಾಡಿಕೊಡುತ್ತೇವೆ. ಆರ್ಡರ್ ಫಾರ್ಮನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪೇಚಿಗೆ ಸಿಕ್ಕಿದ್ದೇನೆ.

2,40,000 ರೂಪಾಯಿಯ ಮಂಟಪ. ಹಣ ನಾಲ್ಕು ಸಲ ಬರಬೇಕು: ಆರ್ಡರ್ ದಿನ 24,000, ಕಟ್ಟಿಗೆ ತರುವಾಗ 96,000, ಕೆತ್ತನೆ ಮುಗಿದಾಗ 72,000, ಮನೆಯಲ್ಲಿ ಕೂಡಿಸುವ ದಿನ 48,000. ಮೊದಲಿನದಕ್ಕೆ 'ಸಂಚಕಾರ' ಅಂತ, ಉಳಿದವಕ್ಕೆ 'ಕಂತು' ಅಂತ ತಾರೀಕು ಹಾಕಿ ಬರೆದೆ. ಗಿರಾಕಿಯ ತಾಯಿ ಫಾರ್ಮ್ ಓದಿ, "ದೇವರ ಕೆಲಸಕ್ಕೆ ಸಂಚಕಾರ ಅಂತ ಯಾಕೆ ಬರೆದಿರಿ?" ಎಂದು ಸಿಟ್ಟಾದರು. ಗಿರಾಕಿಯೋ, ಮೊದಲ ಕಂತು ಕಟ್ಟಿದ ಮೇಲೆ ಮಂಟಪ ಮನೆಗೆ ಬರುತ್ತದೆ ಅಂದುಕೊಂಡಿದ್ದರು. ಇನ್ನು ಹಣದ ನೆನಪಿಗೆ ಫೋನಿನಲ್ಲಿ ಹೋಗುವ ಮೆಸೇಜಿಗೆ ನನ್ನ ಮಗ 'ತಗಾದೆ' ಎಂದು ಹೆಸರಿಟ್ಟಿದ್ದಾನೆ. ಈ ಮೂರಕ್ಕೂ ಸರಿಯಾದ ಪದ ಯಾವುದು?

ಹುಬ್ಬಳ್ಳಿಯಿಂದ: ತಾಯಿಯವರ ತಪ್ಪಲ್ಲ ಬಿಡಿ. 'ಜೀವಕ್ಕೆ ಸಂಚಕಾರ' ಅಂತ ಪೇಪರಿನಲ್ಲಿ ದಿನಾ ಓದುತ್ತಾರೆ. ಆದರೂ ನಾನು ಸಂಚಕಾರವನ್ನೇ ಇಡುತ್ತೇನೆ. 'ಮುಂಗಡ' ಅಂತ ಬರೆದರೆ ಆರ್ಡರ್ ರದ್ದಾದಾಗ ವಾಪಸ್ ಕೊಡಬೇಕು. 'ಸಂಚಕಾರ' ಅಂದರೆ ಪೂರ್ತಿ ನಿಮ್ಮದೇ. ಪದದಲ್ಲೇ ಕಾನೂನು ಇದೆ.

ಬೆಟಗೇರಿಯಿಂದ: ನಮ್ಮ ನೇಕಾರರ ಓಣಿಯಲ್ಲಿ ಮುಂಗಡ ಅಂದರೆ ಮಾಲೀಕರು ನೇಕಾರರಿಗೆ ಕೊಡುವ ಹಣ. ಅದು ತೀರುವ ತನಕ ಬೇರೆಯವರ ಮಗ್ಗಕ್ಕೆ ಹೋಗುವ ಹಾಗಿಲ್ಲ. ನಮ್ಮ ಅಪ್ಪನ ಮುಂಗಡ ತೀರಲು ಎಷ್ಟೋ ವರ್ಷ ಹಿಡಿಯಿತು. ಫಾರ್ಮಿನಲ್ಲಿ ಆ ಪದ ಕಂಡರೆ ನನಗಂತೂ ಸಾಲವೇ ನೆನಪಾಗುತ್ತದೆ.

(ಅಕ್ಕಾ, ಇಲ್ಲಿ ಹಣ ಕೊಡುವವರು ಗಿರಾಕಿ. ಆದರೆ ನೀವು ಹೇಳಿದ ಅರ್ಥ ನನಗೆ ಹೊಳೆದೇ ಇರಲಿಲ್ಲ.)

ಹಾವೇರಿಯಿಂದ, ಹಿಂದೆ ಖರೀದಿ ಪತ್ರ ಬರೆಯುತ್ತಿದ್ದವರು: ಸಂಚಕಾರ ಸಂಸ್ಕೃತದ 'ಸತ್ಯಂಕಾರ'ದ ತದ್ಭವ. ಮಾತು ಸತ್ಯ ಮಾಡಲು ಕೊಡುವ ಹಣ. ನಮ್ಮ ಕಡೆ ಹೊಲ ಮನೆ ಕರಾರಿನಲ್ಲಿ 'ಇಸಾರ' ಅಂತಲೂ ಬರೆಯುತ್ತಿದ್ದೆವು. ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಸಂಚಕಾರ ಬೇರೆ, ಬೆಲೆಯಲ್ಲಿ ಮುರಿದುಕೊಳ್ಳಲು ಮೊದಲೇ ಕೊಟ್ಟ ಹಣ ಬೇರೆ. ಆದರೆ ಪದ ಒಂದನ್ನೇ ಬರೆದರೆ ಸಾಲದು. 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಆಸ್ತಿ ವ್ಯವಹಾರದಲ್ಲಿ ಬೆಲೆ 70 ಲಕ್ಷ, ಸಂಚಕಾರ 7 ಲಕ್ಷ. ಕೊಳ್ಳುವವರು ಹಿಂದೆ ಸರಿದರೆ ಆ ಹಣ ಹೋಯಿತು ಎಂದು ಕರಾರಿನಲ್ಲೇ ಸ್ಪಷ್ಟವಾಗಿ ಬರೆದಿತ್ತು. ಹಾಗಾಗಿ ಮಾರುವವರಿಗೆ ಉಳಿಯಿತು. ಬರೀ ಬೆಲೆಯ ಭಾಗ ಅಂತ ಕೊಟ್ಟಿದ್ದರೆ ಹಾಗೆ ಹಿಡಿದುಕೊಳ್ಳಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು ನೋಡಿ. ಕರಾರು ಮುರಿದರೆ ಸಿಗುವುದು ನ್ಯಾಯವಾದ ಪರಿಹಾರ, ಬರೆದದ್ದೆಲ್ಲ ಅಲ್ಲ.

ನಿಮ್ಮ ಲೆಕ್ಕದಲ್ಲಿ 24,000 ಸಂಚಕಾರ ಆಗಬಹುದು. ಕಟ್ಟಿಗೆಯ 96,000ಕ್ಕೂ ಅದೇ ಹೆಸರು ಹಚ್ಚಬೇಡಿ. ಆ ಕಟ್ಟಿಗೆ ಇನ್ನೊಬ್ಬರ ಬಾಗಿಲಿಗೆ ಬರುವಂತಿದ್ದರೆ ನಿಮಗೆ ಆದ ನಷ್ಟವಾದರೂ ಎಷ್ಟು? ಪದ ಕಹಿ ಅನ್ನಿಸಿದರೆ 'ಆರ್ಡರ್ ಖಾತ್ರಿ ಹಣ' ಅನ್ನಿ. ಯಾವಾಗ ವಾಪಸ್, ಯಾವಾಗ ಇಲ್ಲ ಎಂಬ ಸಾಲು ಮಾತ್ರ ಕೆಳಗೆ ಬೇಕೇ ಬೇಕು.

'ಕಂತು' ಬೇಡ. ಬೈಕು, ಫ್ರಿಜ್ಜಿನ ರೂಢಿಯಿಂದ ಕಂತು ಅಂದರೆ ವಸ್ತು ಮೊದಲು, ಹಣ ಆಮೇಲೆ ಅಂತಾಗಿದೆ. ನಿಮ್ಮದು ಉಲ್ಟಾ.

ಹುಬ್ಬಳ್ಳಿಯಿಂದ: ನಷ್ಟದ ಮಾತು ಒಪ್ಪಿದೆ. ಕಂತಿನದು ಒಪ್ಪುವುದಿಲ್ಲ. ಕಾಲೇಜು ಫೀ ಕಂತಿನಲ್ಲಿ ಕಟ್ಟುವುದಿಲ್ಲವೇ?

ನಾನು: ಫೀ ಕಟ್ಟುವ ಮಗ ಮೊದಲ ಕಂತಿಗೇ ಕ್ಲಾಸಿನಲ್ಲಿ ಕೂತಿರುತ್ತಾನಲ್ವಾ? ನಾನು 'ಹಂತದ ಹಣ' ಎಂದು ಬದಲಿಸಿದೆ. ತಾರೀಕನ್ನೂ ತೆಗೆದೆ. ಹೋದ ಸಲ 15ನೇ ತಾರೀಕಿಗೆ '72,000 ಬಾಕಿ' ಅಂತ ಮೆಸೇಜ್ ತಾನಾಗಿ ಹೋಯಿತು. ಗಿರಾಕಿ ಅಂಗಡಿಗೆ ಬಂದು ನೋಡಿದರೆ ನಾಲ್ಕು ಕಂಬದಲ್ಲಿ ಎರಡಕ್ಕೆ ಮಾತ್ರ ಕೆತ್ತನೆ ಆಗಿತ್ತು. ಈಗ 'ಕೆತ್ತನೆ ಮುಗಿದ ಫೋಟೋ ಕಳಿಸಿದ 5 ದಿನದೊಳಗೆ' ಅಂತಿದೆ. ಫೋಟೋ ಹೋಗದೆ ಮೆಸೇಜೂ ಹೋಗುವುದಿಲ್ಲ.

ಹಾವೇರಿಯಿಂದ: ತಗಾದೆ ವಾಯಿದೆ ದಾಟಿದ ಮೇಲಿನ ಮಾತು. 'ತಗಾದೆ ತೆಗೆದ' ಅಂದರೆ ಈಗ ಜಗಳ ಅಂತಲೇ ಅರ್ಥ. ವಾಯಿದೆಗೆ ಮುಂಚಿನದು ಬರೀ ನೆನಪು. ಎರಡಕ್ಕೂ ಬೇರೆ ಬೇರೆ ಮೆಸೇಜ್ ಬೇಕು.

ಬೆಟಗೇರಿಯಿಂದ: 'ನೆನಪೋಲೆ' ಅನ್ನಬಹುದಲ್ಲ?

ನಾನು: ಅದು ಮದುವೆ ಕರೆಯೋಲೆ ಹಾಗೆ ಕೇಳಿಸುತ್ತದೆ ಅಂತ ಮಗ ನಕ್ಕ. ಸದ್ಯ ಮೊದಲ ಮೆಸೇಜಿಗೆ 'ಹಣದ ನೆನಪು' ಅಂತ ಇಟ್ಟಿದ್ದೇವೆ. ವಾಯಿದೆ ದಾಟಿದ ಮೇಲಿನದಕ್ಕೆ ಇನ್ನೂ ಹೆಸರಿಲ್ಲ. 'ತಗಾದೆ' ಬಿಟ್ಟು ಬೇರೇನಾದರೂ ಇದ್ದರೆ ಹೇಳಿ, ಸೋಮವಾರ ಅಚ್ಚಿಗೆ ಕೊಡಬೇಕು.