ಮೇಲಿನಮನೆ ಗುಂಪು: ‘ಹಳೇ ಪಾಲುಪಟ್ಟಿ ಎಲ್ಲ ರದ್ದಂತೆ’

ರವಿ (ಫಾರ್ವರ್ಡ್): ಸುಪ್ರೀಂ ಕೋರ್ಟಿನಿಂದ ನಿನ್ನೆ ಮಹತ್ವದ ತೀರ್ಪು!! ತಂದೆಯ ಎಲ್ಲಾ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು. ಹಳೆಯ ಪಾಲುಪಟ್ಟಿಗಳೆಲ್ಲ ರದ್ದು. ಆರು ತಿಂಗಳೊಳಗೆ ಪಾಲು ಕೊಡಲೇಬೇಕು. ನಿಮ್ಮ ಅಕ್ಕ-ತಂಗಿಯರಿಗೆ ತಲುಪಿಸಿ.

ರವಿ: ಇನ್ನು ಎಲ್ಲರ ಮನೇಲೂ ಶುರು 🙏

ದೊಡ್ಡಪ್ಪ: ರವಿ, ಇದನ್ನು ಈ ಗುಂಪಿಗೆ ಹಾಕುವ ಅಗತ್ಯ ಏನಿತ್ತು? ಒಡಹುಟ್ಟಿದವರ ಸಂಬಂಧ ಕೋರ್ಟು ಕಾಗದದ ಮೇಲೆ ನಿಲ್ಲಲ್ಲ. ನಮ್ಮ ತಂದೆಯವರು ಹೋದ ಮಾರನೇ ವರ್ಷ, 1998ರಲ್ಲಿ, ಪಂಚರನ್ನು ಕೂರಿಸಿ ಎಲ್ಲರೂ ಒಪ್ಪಿ ಹಂಚಿಕೊಂಡಿದ್ದೇವೆ.

ಗಿರಿಜತ್ತೆ: ಎಲ್ಲರೂ ಅಂದರೆ ಯಾರು ಅಣ್ಣ? ನಾನು ಆವತ್ತು ಒಳಗೆ ಪಂಚರಿಗೆ ಕಾಫಿ ಮಾಡ್ತಾ ಇದ್ದೆ.

ಮಂಜು: ಆ ಅಡುಗೆಮನೆ! ಅಜ್ಜಿ ಒಲೆ ಪಕ್ಕ ಬೀಜ ಹುರಿಯೋ ವಾಸನೆ ಗದ್ದೆ ಬದುವಿನ ತನಕ ಬರ್ತಿತ್ತು. ಹಿತ್ತಲಿನ ಮಾವಿನ ಮರದ ಫೋಟೋ ಯಾರ ಹತ್ರ ಆದ್ರೂ ಇದೆಯಾ?

ಪ್ರಸಾದ ಭಾವ: ಫೋಟೋ ಆಮೇಲೆ. ರವಿ, ಲಿಂಕ್ ಎಲ್ಲಿ? ಕೇಸಿನ ಹೆಸರಿಲ್ಲ, ತಾರೀಖಿಲ್ಲ.

ರವಿ: ಭಾವ, 2000ದ ನೋಟಲ್ಲಿ ಚಿಪ್ ಇದೆ ಅಂತ ಹಾಕಿದ್ದು ನೀವೇ. ಆವಾಗ ಲಿಂಕ್ ಕೇಳಿದ್ವಾ?

ಪ್ರಸಾದ ಭಾವ: ಅದಕ್ಕೆ ಈಗ ಕೇಳ್ತಿರೋದು.

ಶಶಿ: ಇದು ನಿನ್ನೆಯದಲ್ಲ ರವಿ. 2020ರ ಆಗಸ್ಟ್ 11ರದ್ದು, ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ. ಮೂವರು ನ್ಯಾಯಮೂರ್ತಿಗಳ ಪೀಠ: ಅರುಣ್ ಮಿಶ್ರಾ, ಅಬ್ದುಲ್ ನಜೀರ್, ಎಂ.ಆರ್. ಶಾ. ಹೊರಬಿದ್ದ ದಿನ ನಾನು ಡೆಸ್ಕಿನಲ್ಲಿದ್ದೆ. ಫಾರ್ವರ್ಡಿನ ಮೂರು ಸಾಲುಗಳಿಗೂ ತೀರ್ಪಿನಲ್ಲಿ ಒಂದೊಂದು ಬೇರು ಇದೆ, ಮೂರೂ ತಿರುಚಿಕೊಂಡು ಬಂದಿವೆ.

ದೊಡ್ಡಪ್ಪ: ಪತ್ರಿಕೆಯವರೇ ತಾನೇ ಮೊದಲು ತಿರುಚೋದು.

ಶಶಿ: ಕೆಲವು ಸಲ ಹೌದು ದೊಡ್ಡಪ್ಪ. ನೂರು ಪುಟ ದಾಟಿದ ತೀರ್ಪು, ಸುದ್ದಿ ಅರ್ಧ ಗಂಟೆಯಲ್ಲಿ ಹೋಗಬೇಕು. ಮಧ್ಯದ ಪುಟಗಳಲ್ಲಿ ವಕೀಲರ ವಾದ ತುಂಬಿರುತ್ತೆ. ಈ ತೀರ್ಪಿನಲ್ಲೇ ‘ಹೆಣ್ಣುಮಕ್ಕಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕು’ ಅನ್ನುವ ವಾದ ಬರುತ್ತೆ. ಅದನ್ನು ಕೋರ್ಟಿನ ಮಾತು ಅಂದುಕೊಂಡು ಬರೆದರೆ ಸುದ್ದಿ ಪೂರಾ ತಲೆಕೆಳಗು, ಏಕೆಂದರೆ ಕೋರ್ಟು ಹೇಳಿದ್ದು ಅದರ ವಿರುದ್ಧ. ಅದಕ್ಕೇ ನಾವು ಮೊದಲು ಪ್ರಶ್ನೆ ಏನು ಅಂತ ಆರಂಭದಲ್ಲಿ ನೋಡ್ತೀವಿ, ಆಮೇಲೆ ಸೀದಾ ಕೊನೆಗೆ ಹೋಗ್ತೀವಿ. ಇದರಲ್ಲಿ ಉತ್ತರ ಇರೋದು 129ನೇ ಪ್ಯಾರಾದಲ್ಲಿ. ಮಧ್ಯದ್ದನ್ನು ಓದೋದು, ಆ ಉತ್ತರಕ್ಕೆ ಕಾರಣ ಏನು ಅಂತ ತಿಳಿಯೋಕೆ.

ಗಿರಿಜತ್ತೆ: ಪ್ರಶ್ನೆ ಏನಿತ್ತು ಶಶಿ?

ಶಶಿ: ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನ ಹಾಗೆ ಹಕ್ಕು ಇದೆಯಾ ಅಂತ. ಫೂಲವತಿ ಕೇಸಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು 2015ರಲ್ಲಿ ಇಲ್ಲ ಅಂದಿದ್ದರು. 2018ರಲ್ಲಿ ದಾನಮ್ಮ ಕೇಸಿನಲ್ಲಿ ಇನ್ನಿಬ್ಬರು, ಅಪ್ಪ 2001ರಲ್ಲೇ ಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಎರಡೂ ನಮ್ಮ ಕರ್ನಾಟಕದಿಂದ ಹೋದ ಕೇಸುಗಳೇ. ಆ ಗೊಂದಲ ಬಿಡಿಸೋಕೆ ಮೂವರು ಕೂತರು. ಹಕ್ಕು ಹುಟ್ಟಿನಿಂದಲೇ ಬರೋದು, ಹಾಗಾಗಿ ಆ ದಿನ ಅಪ್ಪ ಬದುಕಿರಬೇಕಾಗಿಲ್ಲ ಅಂದರು. ಫೂಲವತಿ ತೀರ್ಪನ್ನು ತಳ್ಳಿಹಾಕಿದರು.

ಗಿರಿಜತ್ತೆ: ನನಗೆ ವಕೀಲರೊಬ್ಬರು ಆಗ ಹೇಳಿದ್ದರು, ‘ನಿಮ್ಮ ಮದುವೆ 89ರಲ್ಲೇ ಆಗಿಹೋಗಿದೆಯಲ್ಲಮ್ಮ, ನಿಮಗೆ ಬರಲ್ಲ’ ಅಂತ.

ಶಶಿ: ಆಗಿನ ಮಟ್ಟಿಗೆ ಅವರು ಹೇಳಿದ್ದು ಸರಿ ಅತ್ತೆ. ಕರ್ನಾಟಕ 1994ರಲ್ಲಿ ಜಾರಿಗೆ ತಂದ ತಿದ್ದುಪಡಿಯಲ್ಲಿ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತಿಲ್ಲ.

ದೊಡ್ಡಪ್ಪ: ಮನೆ ಹೆಣ್ಣುಮಕ್ಕಳಿಗೆ ವಕೀಲರ ಹತ್ತಿರ ಹೋಗುವ ಪರಿಸ್ಥಿತಿ ಬಂದಿತ್ತು ಅಂತ ನನಗೆ ಇವತ್ತೇ ಗೊತ್ತಾಗ್ತಿರೋದು.

ಮಂಜು: ಅತ್ತೆ ಮದುವೇಲಿ ಚಿರೋಟಿ ಎಷ್ಟು ಚೆನ್ನಾಗಿತ್ತು.

ರವಿ: ಮಂಜು ಸುಮ್ನಿರೋ. ಶಶಿ, ಹಾಗಾದ್ರೆ ನಾನು ಹಾಕಿದ್ದು ಸರೀನೇ ಆಯ್ತಲ್ಲ?

ಶಶಿ: ಇಲ್ಲ. ‘ಎಲ್ಲಾ ಆಸ್ತಿ’ ತಪ್ಪು. ತೀರ್ಪು ಇರೋದು ಒಟ್ಟು ಕುಟುಂಬದ ಆಸ್ತಿ ಬಗ್ಗೆ. ಅಪ್ಪ ತಾನೇ ದುಡಿದು ಕೊಂಡ ಸೈಟನ್ನು ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ವಿಲ್ ಇಲ್ಲದೆ ಹೋದರೆ ಅದರಲ್ಲಿ ಮಗಳಿಗೂ ಸಮಪಾಲು, ಅದು 1956ರಿಂದಲೂ ಇದೆ. ‘ಆರು ತಿಂಗಳು’ ಅನ್ನೋದು, ಇದೇ ಪ್ರಶ್ನೆ ಮೇಲೆ ಬಾಕಿ ಇರುವ ಕೇಸುಗಳನ್ನು ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಸಿ ಅಂತ ಕೆಳಗಿನ ಕೋರ್ಟುಗಳಿಗೆ ಮಾಡಿದ ಕೋರಿಕೆ. ಅಣ್ಣತಮ್ಮಂದಿರಿಗೆ ಕೊಟ್ಟ ಗಡುವಲ್ಲ.

ಪ್ರಸಾದ ಭಾವ: ಮೂರನೇದು? ದೊಡ್ಡಪ್ಪನವರಿಗೆ ಬೇಕಾಗಿರೋದು ಅದೇ.

ದೊಡ್ಡಪ್ಪ: ನನಗೇನೂ ಬೇಕಾಗಿಲ್ಲ ಪ್ರಸಾದ. ನಿನ್ನ ಹೆಂಡತಿ ಕಡೆಯವರು ಹೇಗೆ ಹಂಚಿಕೊಂಡರು ಅಂತ ನಾನು ಕೇಳಿದ್ದೀನಾ?

ಶಶಿ: ಹಳೇ ಪಾಲುಗಳೆಲ್ಲ ರದ್ದಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರದಿಂದ, ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆದ ಪಾಲನ್ನು ಈ ತಿದ್ದುಪಡಿ ಮುಟ್ಟಲ್ಲ. ಬರೀ ಬಾಯಿಮಾತಿನ ಸಾಕ್ಷಿ ಇಟ್ಟುಕೊಂಡು ‘ಆವತ್ತೇ ಪಾಲಾಗಿತ್ತು’ ಅಂದರೆ ಒಪ್ಪಬಾರದು ಅಂದಿದೆ ಕೋರ್ಟು. ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸೋಕೆ ಹಳೇ ತಾರೀಖಿನ ಕಥೆ ಕಟ್ಟಬಾರದು ಅಂತ. ಆದರೆ ಅಪರೂಪದ ಸಂದರ್ಭದಲ್ಲಿ, ಸರ್ಕಾರಿ ದಾಖಲೆಗಳ ಬಲವಿದ್ದು ಡಿಕ್ರಿಯಷ್ಟೇ ಖಚಿತವಾಗಿ ಪಾಲು ಆಗಿರೋದು ಕಂಡರೆ ಒಪ್ಪಬಹುದು ಅಂತಲೂ ಇದೆ. ಫಾರ್ವರ್ಡ್ ಬರೆದವರು ಈ ‘ಆದರೆ’ಯನ್ನೇ ಬಿಟ್ಟಿದ್ದಾರೆ.

ರವಿ: ವಿನೀತಾ ಅವರಿಗೆ ಎಷ್ಟು ಪಾಲು ಬಂತು?

ಶಶಿ: ಒಳ್ಳೇ ಪ್ರಶ್ನೆ. ಆವತ್ತು ಏನೂ ಹಂಚಿಲ್ಲ. ಕಾನೂನಿನ ಪ್ರಶ್ನೆಗೆ ಉತ್ತರ ಕೊಟ್ಟು, ಕೇಸುಗಳನ್ನು ತೀರ್ಮಾನಕ್ಕೆ ಬೇರೆ ಪೀಠದ ಮುಂದೆ ಇಡಿ ಅಂತ ಕೊನೇ ಸಾಲಲ್ಲಿ ಬರೆದಿದ್ದಾರೆ. ‘ವಿನೀತಾಗೆ ಆಸ್ತಿ ಕೊಡಿಸಿದ ಸುಪ್ರೀಂ’ ಅಂತ ತಲೆಬರಹ ಕೊಟ್ಟಿದ್ದರೆ ಅದು ಸುಳ್ಳಾಗ್ತಿತ್ತು. ರವಿ, ಕಳಿಸಲೇಬೇಕು ಅಂದರೆ ಅದನ್ನು ಅಳಿಸಿ ಇದನ್ನು ಕಳಿಸು:

‘ಹಿಂದೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕಿದೆ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿ ಅಥವಾ ಡಿಕ್ರಿ ಮೂಲಕ ಆದ ವಿಭಾಗಕ್ಕೆ ಇದು ಅನ್ವಯಿಸದು. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳ ಬಲವಿರುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು.’

ರವಿ: ಇಷ್ಟು ಉದ್ದ ಯಾರು ಓದ್ತಾರೆ ಶಶಿ.

ಗಿರಿಜತ್ತೆ: ನಾನು ಎರಡು ಸಲ ಓದಿದೆ.

ದೊಡ್ಡಪ್ಪ: ಶಶಿ, ನಿಮ್ಮಪ್ಪನೂ ಆವತ್ತು ಪಾಲು ತಗೊಂಡವನೇ. ಅದನ್ನೂ ಸುದ್ದಿಯಲ್ಲಿ ಸೇರಿಸಿಕೋ.

ಶಶಿ: ಗೊತ್ತು ದೊಡ್ಡಪ್ಪ. ಆ ಕೆರೆ ಬಯಲಿನ ಗದ್ದೆ ಈಗ ನನ್ನ ಹೆಸರಲ್ಲೇ ಇದೆ. ಈ ತೀರ್ಪು ನಮ್ಮ ಮನೆ ಬಗ್ಗೆ ಏನೂ ಹೇಳಿಲ್ಲ. ಅದು ಗೊತ್ತಾಗಬೇಕಾದರೆ 98ರ ಕಾಗದ ನೋಂದಣಿ ಆಗಿದೆಯಾ, ಪಹಣಿ ಯಾವ ವರ್ಷ ಯಾವ ಆಧಾರದ ಮೇಲೆ ಬದಲಾಯ್ತು ಅಂತ ನೋಡಬೇಕು.

ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.

ದೊಡ್ಡಪ್ಪ: (ಫೋಟೋ)

ದೊಡ್ಡಪ್ಪ: ಬೀರುವಿನಲ್ಲಿತ್ತು. ನೋಡಿಕೊಳ್ಳಿ. ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಪ್ರಸಾದ ಭಾವ: ಛಾಪಾ ಕಾಗದ ಇದೆ, ಐದು ಜನ ಪಂಚರ ಸಹಿ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿ ಮೊಹರು ಹಿಂದಿನ ಪುಟದಲ್ಲಿದೆಯಾ?

ದೊಡ್ಡಪ್ಪ: ಹಿಂದಿನ ಪುಟ ಖಾಲಿ.

ಗಿರಿಜತ್ತೆ: ಕೆಳಗೆ ಎಡಗಡೆ ಇರೋ ಹೆಬ್ಬೆಟ್ಟು ಅಮ್ಮನದು. ನನ್ನದು ಎಲ್ಲೂ ಇಲ್ಲ.

ಮಂಜು: ಅಜ್ಜಿ ಹೆಬ್ಬೆಟ್ಟು ನೋಡಿ ಎಷ್ಟು ವರ್ಷ ಆಗಿತ್ತು.

ದೊಡ್ಡಪ್ಪ: ಗಿರಿಜಾ, ಭಾನುವಾರ ಬಾ. ಪಹಣಿ ಪ್ರತಿಗಳನ್ನೂ ತೆಗೆಸಿಟ್ಟಿರ್ತೀನಿ.

ಗಿರಿಜತ್ತೆ: ಬರ್ತೀನಿ ಅಣ್ಣ. ಶಶಿನೂ ಬರಲಿ. ಕಾಫಿ ಮಾತ್ರ ಈ ಸಲ ರವಿ ಮಾಡಲಿ.