ಬರೀ ಸ್ಕ್ರೀನ್ ಸಾಲದು: ಡಿಸೈನ್ ಗ್ರೂಪಿನ ಯುಎಕ್ಸ್ ಕೇಸ್ ಸ್ಟಡಿ ಪ್ರಶ್ನೋತ್ತರ

ಕಾವ್ಯ, ಗೋಣಿಕೊಪ್ಪ: ದೇಚಕ್ಕ, ಕಾಫಿ ಕುಯ್ಲಿನ ತೂಕ ಬರೆದುಕೊಳ್ಳೋ ಆ್ಯಪ್‌ಗೆ ಡಿಸೈನ್ ಮಾಡಿದ್ದೆ. ಪೋರ್ಟ್‌ಫೋಲಿಯೊದಲ್ಲಿ ಅದರ ಕೇಸ್ ಸ್ಟಡಿಗೆ 22 ಸ್ಕ್ರೀನ್ ಹಾಕಿದೀನಿ, ಕೊನೆಗೆ ‘ಸಮಯ 30% ಉಳಿತಾಯ, ತಪ್ಪು 80% ಇಳಿಕೆ’ ಅಂತ ಬರೆದಿದೀನಿ. ಇಂಟರ್‌ವ್ಯೂನಲ್ಲಿ ಎಲ್ಲರೂ ‘ಇದರಲ್ಲಿ ನಿಮ್ಮ ಕೆಲಸ ಯಾವುದು’ ಅಂತಲೇ ಕೇಳ್ತಾರೆ. ಏನು ಬದಲಿಸಲಿ?

ದೇಚಮ್ಮ: ಸ್ಕ್ರೀನ್ ವಿಷಯ ಆಮೇಲೆ. ತಂಡದಲ್ಲಿ ಯಾರ್ಯಾರಿದ್ರು, ಯಾರು ಏನು ಮಾಡಿದ್ರು ಹೇಳಿ. ಆ 30, ಆ 80 ಎಲ್ಲಿಂದ ಬಂತು ಅಂತಲೂ ಹೇಳಿ. ಯಾವ ದಿನ ಅಳೆದಿದ್ದು, ಎಷ್ಟಿದ್ದದ್ದು ಎಷ್ಟಾಯ್ತು?

ಪೊನ್ನಪ್ಪ, ಮಡಿಕೇರಿ: ನಮ್ಮ ಹೋಮ್‌ಸ್ಟೇಗೂ ಒಂದು ಕೇಸ್ ಸ್ಟಡಿ ಮಾಡಿಸ್ಬೇಕು. ಬುಕಿಂಗ್ ಬಹಳ ಕಮ್ಮಿಯಾಗಿದೆ. ಎಷ್ಟು ಖರ್ಚಾಗಬಹುದು?

ದೇಚಮ್ಮ: ಇದು ಅದಲ್ಲ ಪೊನ್ನಪ್ಪನವರೇ. ಮುಗಿದ ಕೆಲಸವನ್ನ ಡಿಸೈನರ್ ಹೇಗೆ ತೋರಿಸ್ಬೇಕು ಅನ್ನೋ ಚರ್ಚೆ.

ನವೀನ್, ಕುಶಾಲನಗರ: ಎಲ್ಲರಿಗೂ ಉಪಯೋಗ ಆಗುತ್ತೆ, ಫಾರ್ವರ್ಡ್ ಮಾಡ್ತಿದೀನಿ: ‘ಕೆಲಸ ಖಚಿತ! 7 ಹಂತದ ಕೇಸ್ ಸ್ಟಡಿ ಟೆಂಪ್ಲೇಟ್. ಪರ್ಸೋನಾ, ಎಂಪತಿ ಮ್ಯಾಪ್, ಡಬಲ್ ಡೈಮಂಡ್, ಸ್ಟಿಕ್ಕಿ ನೋಟ್ ಫೋಟೊ, ವೈರ್‌ಫ್ರೇಮ್, ಫೈನಲ್ ಯುಐ, ಕಲಿತ ಪಾಠ.’

ದೇಚಮ್ಮ: ಇದನ್ನ ಹಾಕಬೇಡಿ. ನೂರು ಅರ್ಜಿ ನೋಡೋರಿಗೆ ಇದೇ ಏಳು ಹಂತ ನೂರು ಸಲ ಕಂಡಿರುತ್ತೆ. ಸ್ಟಿಕ್ಕಿ ನೋಟ್ ಫೋಟೊ ಝೂಮ್ ಮಾಡಿದ್ರೆ ಒಂದಕ್ಷರನೂ ಓದೋಕಾಗಲ್ಲ.

ನವೀನ್, ಕುಶಾಲನಗರ: ಡಬಲ್ ಡೈಮಂಡ್ ಅಂದ್ರೆ ಬ್ರಿಟನ್ನಿನ ಡಿಸೈನ್ ಕೌನ್ಸಿಲ್‌ನ ಪ್ರೋಸೆಸ್ ಚಿತ್ರ ಮೇಡಂ. ಪ್ರೋಸೆಸ್ ತೋರಿಸಿ ಅಂತ ನೀವೇ ಹೇಳ್ತೀರಲ್ಲ.

ದೇಚಮ್ಮ: ಚಿತ್ರ ಅವರದ್ದು. ಪ್ರೋಸೆಸ್ ನಿಮ್ಮದಿರಬೇಕು.

ಕಾವ್ಯ, ಗೋಣಿಕೊಪ್ಪ: ನಾವು ಮೂವರು ಅಕ್ಕ. ಒಬ್ಬರು ಡೆವಲಪರ್, ಬಣ್ಣ ಐಕಾನ್ ಎಲ್ಲ ಇನ್ನೊಬ್ಬ ಡಿಸೈನರ್. ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಕೂತು ಮಾತಾಡಿದ್ದು, ತೂಕ ಎಂಟ್ರಿ ಮಾಡೋ ಫ್ಲೋ ಕಟ್ಟಿದ್ದು ನಾನು. ಡಿಸೆಂಬರಲ್ಲಿ ಅರೇಬಿಕಾ ಕುಯ್ಲು, ಪುಸ್ತಕದಲ್ಲಿ ಬರೆಯೋಕೆ ಒಂದು ಸಂಜೆಗೆ 50 ನಿಮಿಷ ಹಿಡಿತು. ಫೆಬ್ರವರಿಯಲ್ಲಿ ರೋಬಸ್ಟಾ, ಆ್ಯಪ್‌ನಲ್ಲಿ 35 ನಿಮಿಷ. ಬಟವಾಡೆ ದಿನ ‘ನನ್ನ ತೂಕ ತಪ್ಪಾಗಿದೆ’ ಅಂತ ವಾರಕ್ಕೆ 5 ದೂರು ಬರ್ತಿತ್ತು, ಆಮೇಲೆ 1 ಬಂತು.

ಅಯ್ಯಪ್ಪ, ಸಿದ್ದಾಪುರ: ಅರೇಬಿಕಾನ ಹಣ್ಣು ನೋಡಿ ಆರಿಸಿ ಕುಯ್ತಾರೆ, ಎರಡು ಮೂರು ಸುತ್ತು. ರೋಬಸ್ಟಾದಲ್ಲಿ ಚೀಲದ ಮೇಲೆ ಚೀಲ ಬರುತ್ತೆ. ಎರಡನ್ನೂ ಪಕ್ಕ ಇಟ್ಟು ನೋಡೋದು ಹೇಗೆ?

ದೇಚಮ್ಮ: ಅಯ್ಯಪ್ಪನವರು ಹೇಳಿದ್ದೇ ಸರಿ. ಕಾವ್ಯ, ಎರಡೂ ಸಂಜೆ ಎಷ್ಟೆಷ್ಟು ತೂಕ ಬರೆದ್ರಿ?

ಕಾವ್ಯ, ಗೋಣಿಕೊಪ್ಪ: ಡಿಸೆಂಬರಲ್ಲಿ 40, ಫೆಬ್ರವರಿಲಿ 60.

ದೇಚಮ್ಮ: ಹಾಗಾದ್ರೆ ನೀವು ಹಾಕಿರೋ 30% ನಿಮ್ಮ ಕೆಲಸವನ್ನೇ ಕಮ್ಮಿ ಮಾಡಿ ತೋರಿಸ್ತಿದೆ. 50 ನಿಮಿಷಕ್ಕೆ 40 ಅಂದ್ರೆ ಒಂದು ತೂಕಕ್ಕೆ 75 ಸೆಕೆಂಡ್. 35 ನಿಮಿಷಕ್ಕೆ 60 ಅಂದ್ರೆ 35 ಸೆಕೆಂಡ್. ‘ಒಂದು ತೂಕಕ್ಕೆ ಎಷ್ಟು ಸೆಕೆಂಡ್’ ಅನ್ನೋದೇ ಸರಿಯಾದ ಅಳತೆ, ಸಂಜೆಯ ಒಟ್ಟು ನಿಮಿಷ ಅಲ್ಲ. ಆದ್ರೆ ಈಗಲೇ ತಿದ್ದಬೇಡಿ. ಡಿಸೆಂಬರಿಂದ ಫೆಬ್ರವರಿ ಒಳಗೆ ಬೇರೆ ಏನಾದ್ರೂ ಬದಲಾಯ್ತಾ? ರೈಟರ್, ತಕ್ಕಡಿ, ತೂಕದ ಜಾಗ?

ಕಾವ್ಯ, ಗೋಣಿಕೊಪ್ಪ: ರೈಟರ್ ಅವರೇ. ಜನವರಿಯಲ್ಲಿ ತೋಟದ ಯಜಮಾನರು ಡಿಜಿಟಲ್ ತಕ್ಕಡಿ ತಂದ್ರು. ಮೊದಲು ಮುಳ್ಳಿನ ತೂಗು ತಕ್ಕಡಿ ಇತ್ತು.

ಸೌಮ್ಯ, ಸೋಮವಾರಪೇಟೆ: ಪೋರ್ಟ್‌ಫೋಲಿಯೊ ಹಾಕೋಕೆ ಬಿಹಾನ್ಸ್ ಸೈಟ್ ಒಳ್ಳೇದಾ, ಸ್ವಂತ ವೆಬ್‌ಸೈಟ್ ಒಳ್ಳೇದಾ?

ದೇಚಮ್ಮ: ಯಾವುದಾದ್ರೂ ಸರಿ, ಮೊಬೈಲಲ್ಲಿ ತೆರೆದುಕೊಂಡರೆ ಸಾಕು.

ಕಾವ್ಯ, ಕಷ್ಟ ಇಲ್ಲೇ ಇರೋದು. ಮುಳ್ಳು ಅಲ್ಲಾಡೋದು ನಿಲ್ಲೋವರೆಗೆ ಕಾಯಬೇಕು, ಡಿಜಿಟಲ್‌ನಲ್ಲಿ ಅಂಕಿ ಬೇಗ ನಿಲ್ಲುತ್ತೆ. ನಿಮ್ಮ 40 ಸೆಕೆಂಡ್ ಉಳಿತಾಯದಲ್ಲಿ ತಕ್ಕಡಿಯ ಪಾಲೆಷ್ಟು, ಆ್ಯಪ್‌ನ ಪಾಲೆಷ್ಟು ಅಂತ ಈಗ ಹೇಳೋಕಾಗಲ್ಲ. ದೂರಿನದ್ದೂ ಅದೇ ಕಥೆ. ಡಿಜಿಟಲ್ ತಕ್ಕಡಿಯ ಅಂಕಿ ಕುಯ್ದವರ ಕಣ್ಣಿಗೇ ಕಾಣುತ್ತೆ, ದೂರು ಅದರಿಂದಲೇ ಇಳಿದಿರಬಹುದು. ಇಂಟರ್‌ವ್ಯೂನಲ್ಲಿ ಯಾರಾದ್ರೂ ‘ಆ ಹೊತ್ತಲ್ಲಿ ಬೇರೇನು ಬದಲಾಯ್ತು’ ಅಂತ ಕೇಳಿದ್ರೆ ಇಡೀ ಕೇಸ್ ಸ್ಟಡಿ ಮೇಲೆ ಅನುಮಾನ ಬರುತ್ತೆ.

ಕುಯ್ಲು ಮುಗಿದಿದೆ, ಈಗ ಮಾಡಬಹುದಾದ್ದು ಒಂದಿದೆ. ಹಳೇ ಪುಸ್ತಕದಿಂದ 40 ನಮೂದು ತಗೊಳ್ಳಿ. ಆ ರೈಟರನ್ನೇ ಕೂರಿಸಿ, ನೀವು ನಂಬರ್ ಮತ್ತು ತೂಕ ಕೂಗಿ. ಮೊದಲ 20ನ್ನ ಪುಸ್ತಕದಲ್ಲಿ ಬರೆಯಲಿ, ಉಳಿದ 20ನ್ನ ಆ್ಯಪ್‌ನಲ್ಲಿ ಹಾಕಲಿ. ಮತ್ತೊಂದು ದಿನ ಅದಲು ಬದಲು ಮಾಡಿ: ಮೊದಲು ಆ್ಯಪ್, ಆಮೇಲೆ ಪುಸ್ತಕ, ಅವತ್ತು ನಮೂದುಗಳೂ ಬೇರೆ. ಹಾಗೆ ಮಾಡದಿದ್ರೆ ಎರಡನೇದಕ್ಕೆ ಕೈ ಪಳಗಿದ್ದರ ಲಾಭ ಸೇರಿಬಿಡುತ್ತೆ. ನೀವು ಕೂಗಿ ಮುಗಿಸಿದ ಕ್ಷಣದಿಂದ ಅವರು ‘ಆಯ್ತು’ ಅನ್ನೋವರೆಗಿನ ಸಮಯ ಮೊಬೈಲ್ ವಿಡಿಯೊ ನೋಡಿ ತೆಗೀರಿ. ಸ್ಟಾಪ್‌ವಾಚ್ ಒತ್ತೋದು, ಕೂಗೋದು ಎರಡೂ ಒಬ್ಬರಿಂದ ಆಗಲ್ಲ. ಆಮೇಲೆ ನಮೂದುಗಳನ್ನ ಮೂಲ ಪುಸ್ತಕಕ್ಕೆ ಹೋಲಿಸಿ ತಪ್ಪು ಎಣಿಸಿ. ಇದರಲ್ಲಿ ತಕ್ಕಡಿಯೇ ಇಲ್ಲ, ಹಾಗಾಗಿ ಉಳಿದಿದ್ದಷ್ಟೂ ಆ್ಯಪ್‌ನದ್ದು. ಕೋಣೆಯಲ್ಲಿ ಮಾಡಿದ ಪರೀಕ್ಷೆ ಅಂತ ಸ್ಪಷ್ಟವಾಗಿ ಬರೀರಿ. ಸಂಜೆಗತ್ತಲು, ಒದ್ದೆ ಕೈ, ಕಣದ ಗದ್ದಲ ಇದರಲ್ಲಿ ಸಿಗಲ್ಲ.

ನವೀನ್, ಕುಶಾಲನಗರ: ಅಷ್ಟೆಲ್ಲ ಯಾಕೆ? 5 ಜನರ ಹತ್ರ ಟೆಸ್ಟ್ ಮಾಡಿದ್ರೆ 85% ಸಾಕು ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ ಹೇಳಿದಾರೆ. ಅದನ್ನೇ ಹಾಕಿದ್ರಾಯ್ತು.

ದೇಚಮ್ಮ: ಅರ್ಧ ಸರಿ. 2000ದಲ್ಲಿ ಅವರು ಬರೆದಿದ್ದು ಬಳಕೆಯ ತೊಡಕು ಹುಡುಕೋ ವಿಷಯ. 5 ಜನರಲ್ಲೇ ಸುಮಾರು 85% ತೊಡಕು ಕಾಣುತ್ತೆ ಅಂತ. ಎಷ್ಟು ವೇಗ ಆಯ್ತು, ಎಷ್ಟು ತಪ್ಪು ಇಳಿತು ಅಂತ ಅಳೆಯೋಕೆ 5 ಜನ ಸಾಲಲ್ಲ. ಐದೇ ಜನ ಇದ್ದಾಗ ಶೇಕಡಾ ಹಾಕಬೇಡಿ, ‘5ರಲ್ಲಿ 4 ಜನ’ ಅಂತ ಬರೀರಿ. ಕಾವ್ಯ, ನಿಮ್ಮ 80% ಕೂಡ ಅಷ್ಟೇ: ‘ವಾರಕ್ಕೆ 5 ಇದ್ದದ್ದು 1, ಇದೇ ಅವಧಿಯಲ್ಲಿ ತಕ್ಕಡಿಯೂ ಬದಲಾಗಿತ್ತು.’

ಶರೀಫ್, ವಿರಾಜಪೇಟೆ: ಕುಯ್ಯೋರ ಹತ್ರ ಯಾರೂ ಮಾತಾಡೇ ಇಲ್ಲ ಅನ್ಸುತ್ತೆ. ತೂಕ ತಪ್ಪಾದ್ರೆ ಕೂಲಿ ಹೋಗೋದು ಅವರದ್ದು. ಯೂಸರ್ ಅವರೇ ಅಲ್ವಾ?

ಅಯ್ಯಪ್ಪ, ಸಿದ್ದಾಪುರ: ಆ್ಯಪ್ ಮುಟ್ಟೋನು ರೈಟರ್. ಕುಯ್ಯೋರು ಮೊಬೈಲ್ ನೋಡ್ತಾ ನಿಂತ್ರೆ ಕತ್ತಲಾಗುತ್ತೆ.

ಶರೀಫ್, ವಿರಾಜಪೇಟೆ: ನೋಡೋದು ಬೇಡ ಅನ್ನೋದು ತೋಟದವರಿಗೆ ಅನುಕೂಲ. ಗೋಣಿಚೀಲಕ್ಕೆ ಅಂತ ಎಷ್ಟು ಕಳೀತಾರೆ ಅನ್ನೋದು ಯಾವ ಸ್ಕ್ರೀನಲ್ಲಿದೆ?

ಅಯ್ಯಪ್ಪ, ಸಿದ್ದಾಪುರ: ಚೀಲದ ತೂಕ ಕಳೆಯದೆ ಚೀಲಕ್ಕೂ ಕೂಲಿ ಕೊಡ್ಬೇಕಾ? ತೋಟ ಮಾಡಿ ನೋಡಿ, ಆಮೇಲೆ ಮಾತಾಡಿ.

ಶರೀಫ್, ವಿರಾಜಪೇಟೆ: ಒದ್ದೆ ಚೀಲಕ್ಕೂ ಒಣ ಚೀಲಕ್ಕೂ ಒಂದೇ ಲೆಕ್ಕ ಹಿಡಿಯೋದನ್ನ ತೋಟ ಮಾಡದವನೂ ನೋಡಬಹುದು.

ಅಯ್ಯಪ್ಪ, ಸಿದ್ದಾಪುರ: ಅಡ್ಮಿನ್ ಎಲ್ಲಿದ್ದಾರೆ? ಇದು ಡಿಸೈನ್ ಗ್ರೂಪಾ, ಕಾರ್ಮಿಕ ಸಂಘಾನಾ?

ದೇಚಮ್ಮ: ಜಗಳ ಬೇರೆ ಕಡೆ ಆಡಿ. ಶರೀಫ್ ಕೇಳಿದ್ದಕ್ಕೆ ಉತ್ತರ ಬೇಕು ಕಾವ್ಯ. ಚೀಲದ ತೂಕ ಯಾರು ಕಳೀತಿದ್ರು, ರೈಟರಾ, ಆ್ಯಪಾ?

ಕಾವ್ಯ, ಗೋಣಿಕೊಪ್ಪ: ರೈಟರ್ ಕಳೆದು ಹಾಕ್ತಿದ್ರು ಅಕ್ಕ. ಆ್ಯಪಲ್ಲಿ ಆ ಜಾಗ ಇಲ್ಲ. ಕುಯ್ಯೋರಲ್ಲಿ ಇಬ್ಬರ ಹತ್ರ ಮಾತ್ರ ಮಾತಾಡಿದೆ, ಮೇಸ್ತ್ರಿ ಪಕ್ಕದಲ್ಲೇ ಇದ್ರು.

ದೇಚಮ್ಮ: ಅದನ್ನ ಹಾಗೇ ಬರೀರಿ, ಮೇಸ್ತ್ರಿ ಪಕ್ಕದಲ್ಲಿದ್ದದ್ದೂ ಸೇರಿ. ಮೇಸ್ತ್ರಿ ಎದುರು ಯಾರು ತೂಕದ ಬಗ್ಗೆ ದೂರು ಹೇಳ್ತಾರೆ? ನೋಡೋರಿಗೆ ಅದು ಅರ್ಥ ಆಗುತ್ತೆ.

ಸೌಮ್ಯ, ಸೋಮವಾರಪೇಟೆ: ಬಿಹಾನ್ಸಲ್ಲೇ ಹಾಕಲಾ ಹಾಗಾದ್ರೆ? ಪಿಡಿಎಫ್ ಕೂಡ ಬೇಕಾ?

ದೇಚಮ್ಮ: ಮೇಲೆ ಹೇಳಿದೀನಿ.

ಕಾವ್ಯ, ಗೋಣಿಕೊಪ್ಪ: ಮೊದಲು ಹೆಸರಿನ ಪಟ್ಟಿ ಇತ್ತು ಅಕ್ಕ, ಸ್ಕ್ರೋಲ್ ಮಾಡಿ ಹುಡುಕೋದು. ಲಕ್ಷ್ಮಿ ಅಂತ ಇಬ್ಬರಿದ್ರು, ಒಬ್ಬರ ತೂಕ ಇನ್ನೊಬ್ಬರಿಗೆ ಹೋಯ್ತು. ಆಮೇಲೆ ಚೆಕ್‌ರೋಲ್, ಅಂದ್ರೆ ಕೆಲಸಗಾರರ ಹಾಜರಿ ಪಟ್ಟಿಯ ನಂಬರ್ ಒತ್ತಿದ್ರೆ ಹೆಸರು ದೊಡ್ಡದಾಗಿ ಬರೋ ಹಾಗೆ ಮಾಡಿದೆ. ಕೈಬಿಟ್ಟ ವರ್ಷನ್ ಅಂತ ಮೊದಲಿಂದು ತೋರಿಸಿಲ್ಲ.

ದೇಚಮ್ಮ: 22ರಲ್ಲಿ 18 ಸ್ಕ್ರೀನ್ ತೆಗೆದು ಇದನ್ನ ಹಾಕಿ. ನಿಮ್ಮ ಕೆಲಸ ಅಂದ್ರೆ ಇದೇ. ಎಡಕ್ಕೆ ಹಳೇ ಪಟ್ಟಿ, ಎರಡು ‘ಲಕ್ಷ್ಮಿ’ ಸಾಲುಗಳಿಗೆ ಗೆರೆ ಎಳೆದು. ಬಲಕ್ಕೆ ನಂಬರ್ ಒತ್ತೋ ಸ್ಕ್ರೀನ್. ನಡುವೆ ಎರಡೇ ವಾಕ್ಯ: ಏನು ಕಂಡ್ರಿ, ಅದಕ್ಕೇನು ಮಾಡಿದ್ರಿ. ನಂಬರ್ ತಪ್ಪಿ ಒತ್ತಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳಿ, ಕೇಳೇ ಕೇಳ್ತಾರೆ. ಹೆಸರು ದೊಡ್ಡದಾಗಿ ಬರೋದು ಅದಕ್ಕೇ ಅಲ್ವಾ? ಹಾಗಿದ್ರೆ ಅದು ಅಂದಕ್ಕಲ್ಲ, ತಪ್ಪು ಅಲ್ಲೇ ಸಿಗಲಿ ಅಂತ ಅನ್ನೋದನ್ನ ಬರೀರಿ.

ಪಾತ್ರದ ಬಗ್ಗೆ: ‘ನಾವು ರಿಸರ್ಚ್ ಮಾಡಿದೆವು, ನಾವು ಡಿಸೈನ್ ಮಾಡಿದೆವು’ ಅಂತ ಪುಟದ ತುಂಬ ಇದ್ರೆ ಯಾರ ಕೆಲಸ ಅಂತ ಕೇಳದೆ ಇನ್ನೇನು ಮಾಡ್ತಾರೆ. ಮೊದಲ ಪರದೆಯಲ್ಲೇ ಹೀಗೆ ಬರೀರಿ: ‘ಮೂವರ ತಂಡ. ರೈಟರ್ ಜೊತೆಗಿನ ಮಾತುಕತೆ ಮತ್ತು ತೂಕ ನಮೂದಿನ ಫ್ಲೋ ನನ್ನದು. ಬಣ್ಣ, ಐಕಾನ್ ಇನ್ನೊಬ್ಬ ಡಿಸೈನರ್‌ದು. ಕೋಡ್ ಡೆವಲಪರ್‌ದು.’ ಬೇರೆಯವರ ಭಾಗ ಹೇಳಿದ್ರೆ ನಿಮ್ಮ ಭಾಗ ಸಣ್ಣದಾಗಲ್ಲ, ಅದರ ಗಡಿ ಗೊತ್ತಾಗುತ್ತೆ. ಅದರ ಕೆಳಗೆ ಫಲಿತಾಂಶದ ಒಂದು ಸಾಲು, ಆಮೇಲೆ ಆ ಎಡ ಬಲ ಚಿತ್ರ. ಮುಗಿದ ಸ್ಕ್ರೀನ್ ಎಲ್ಲಕ್ಕಿಂತ ಕೊನೆಗೆ.

ನವೀನ್, ಕುಶಾಲನಗರ: ಕಂಪನಿ ಜೊತೆ ಗೌಪ್ಯತೆ ಒಪ್ಪಂದ, ಅಂದ್ರೆ ಎನ್‌ಡಿಎ ಇದ್ರೆ ಎಲ್ಲ ಬ್ಲರ್ ಮಾಡಿದ್ರೆ ಸಾಕು, ಇದೂ ಆ ಫಾರ್ವರ್ಡ್‌ನಲ್ಲಿತ್ತು.

ದೇಚಮ್ಮ: ಸಾಕಾಗಲ್ಲ. ಎನ್‌ಡಿಎ ತಡೆಯೋದು ಚಿತ್ರವನ್ನ ಮಾತ್ರ ಅಲ್ಲ, ಮಾಹಿತಿಯನ್ನ. ಬ್ಲರ್ ಮಾಡಿ ಪಕ್ಕದಲ್ಲಿ ಅಂಕಿ ಅಂಶ ಬರೆದ್ರೆ ಏನು ಮುಚ್ಚಿದ ಹಾಗಾಯ್ತು? ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಕೊಡ್ಲಿಲ್ಲ ಅಂದ್ರೆ ಆ ಕೆಲಸ ಹಾಕಬೇಡಿ. ದಯವಿಟ್ಟು ಆ ಫಾರ್ವರ್ಡ್ ಇಲ್ಲಿಗೇ ನಿಲ್ಲಿಸಿ.

ನವೀನ್, ಕುಶಾಲನಗರ: ಸಹಾಯ ಮಾಡೋಕೆ ಬಂದವರಿಗೆ ಇಲ್ಲಿ ಬೈಗುಳ. ಸರಿ ಬಿಡಿ.

ಮುತ್ತಮ್ಮ, ಮೂರ್ನಾಡು: ಎರಡು ವರ್ಷದ ಅನುಭವಕ್ಕೆ ಎಷ್ಟು ಸಂಬಳ ಕೇಳಬಹುದು?

ಕಾವ್ಯ, ಗೋಣಿಕೊಪ್ಪ: ಅಕ್ಕ, ರೈಟರ್ ಪುಸ್ತಕದ ಒಂದು ಪುಟದ ಫೋಟೊ ಹಾಕಬಹುದಾ? ಅದರಲ್ಲಿ ಹೆಸರು, ತೂಕ, ಕೂಲಿ ಎಲ್ಲ ಇದೆ.

ದೇಚಮ್ಮ: ಯಜಮಾನರ ಒಪ್ಪಿಗೆ ಇದ್ರೆ ಹಾಕಿ, ಆದ್ರೆ ಹೆಸರು ಮತ್ತು ಕೂಲಿ ಎರಡೂ ಮುಚ್ಚಿ. ಬ್ಲರ್ ಬೇಡ, ತೆಳುವಾಗಿದ್ರೆ ಅಂಕಿಗಳನ್ನ ಊಹಿಸಬಹುದು. ಗಟ್ಟಿ ಕಪ್ಪು ಪಟ್ಟಿ ಹಾಕಿ, ಇಡೀ ಪುಟವನ್ನ ಒಂದೇ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ. ಪಿಡಿಎಫ್‌ನಲ್ಲಿ ಮೇಲೆ ಪಟ್ಟಿ ಇಟ್ಟು ಹಾಗೇ ಸೇವ್ ಮಾಡಿದ್ರೆ ಕೆಳಗಿನ ಚಿತ್ರ ಫೈಲಲ್ಲೇ ಉಳಿದಿರುತ್ತೆ, ಪಟ್ಟಿ ಸರಿಸಿದ್ರೆ ಎಲ್ಲ ಕಾಣುತ್ತೆ. ಎರಡು ‘ಲಕ್ಷ್ಮಿ’ ಇರೋ ಹಳೇ ಪಟ್ಟಿಯಲ್ಲೂ ಹಾಗೇ, ನಿಜ ಹೆಸರಾದ್ರೆ ಬೇರೆ ಹೆಸರು ಹಾಕಿ. ಒಂದೇ ಹೆಸರು ಎರಡು ಸಲ ಇದ್ರೆ ಸಾಕು.

ಕಾವ್ಯ, ಗೋಣಿಕೊಪ್ಪ: ಸರಿ ಅಕ್ಕ. ರೈಟರ್ ಊರಿಗೆ ಹೋಗಿದ್ದಾರೆ, ಬಂದ ಮೇಲೆ ಆ 40 ನಮೂದು ಮಾಡ್ತೀನಿ. ಅಲ್ಲಿವರೆಗೆ ಫಲಿತಾಂಶದ ಸಾಲು ಖಾಲಿ ಬಿಡ್ಲಾ?

ದೇಚಮ್ಮ: ಖಾಲಿ ಬೇಡ. 75, 35 ಸೆಕೆಂಡ್ ಹಾಕಿ, ತಕ್ಕಡಿ ಬದಲಾದದ್ದನ್ನ ಅದರ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ.

ಸೌಮ್ಯ, ಸೋಮವಾರಪೇಟೆ: ಪಿಡಿಎಫ್ ಎಷ್ಟು ಎಂಬಿ ಒಳಗಿರಬೇಕು?