3 ರೇಟಿಂಗ್ ಬಂದು ಬೇಜಾರಾದವರ ಹತ್ತಿರ ಏನು ಮಾತಾಡೋದು?

ವಸಂತನರಸಾಪುರ, ತುಮಕೂರು (ಕೇಳಿದವರು): ನಮ್ಮ ಕ್ವಾಲಿಟಿ ವಿಭಾಗದ ಹುಡುಗನಿಗೆ ಈ ವರ್ಷದ ಕೆಲಸಕ್ಕೆ ಐದಕ್ಕೆ 3 ರೇಟಿಂಗ್ ಬಂದಿದೆ. "ಲೇಟಾಗಿ ಬಂದಿಲ್ಲ, ಹೇಳಿದ ಕೆಲಸ ಬಿಟ್ಟಿಲ್ಲ, ಮತ್ಯಾಕೆ ಸರ್?" ಅಂತ ಕಣ್ಣಲ್ಲಿ ನೀರು ಹಾಕಿಕೊಂಡ. ಸೋಮವಾರ ಕೂತು ಮಾತಾಡಬೇಕು. ಏನು ಹೇಳಲಿ?

ಗೌರಿಬಿದನೂರು: ಇದ್ದದ್ದು ಇದ್ದ ಹಾಗೆ ಹೇಳಿ. "ನಾನು 4 ಹಾಕಿದ್ದೆ, ಮೇಲಿನವರು ಇಳಿಸಿದರು" ಅನ್ನಿ. ಮುಂದಿನ ವರ್ಷ 4 ಕೊಡಿಸ್ತೀನಿ ಅಂತ ಮಾತು ಕೊಡಿ, ಸಮಾಧಾನ ಆಗ್ತಾರೆ.

ವೇಮಗಲ್, ಕೋಲಾರ (ಎಚ್‌ಆರ್): ಸುಳ್ಳು ಹೇಳಬಾರದು ಅನ್ನೋದು ಸರಿ. ಆದರೆ ಮೇಲಿನವರ ಮೇಲೆ ಹಾಕಿದರೆ ಆತ ಯಾರನ್ನು ಕೇಳಬೇಕು? ಮುಂದಿನ ವರ್ಷದ ರೇಟಿಂಗ್ ಕೂಡ ನಿಮ್ಮೊಬ್ಬರ ಕೈಯಲ್ಲಿ ಇರಲ್ಲ. ಆ ಮಾತು ಕೊಡಲೇಬೇಡಿ.

ಮೊದಲು ಆತನೇ ಮಾತಾಡಲಿ. "ಯಾವುದು ಸರಿ ಇಲ್ಲ ಅನ್ನಿಸ್ತು, ಹೇಳಿ" ಅಂತ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಬೇಜಾರು ಇರೋದು ಇನ್‌ಕ್ರಿಮೆಂಟ್ ಬಗ್ಗೆಯಾ, ತನ್ನ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನೋದಾ ಅಂತ ಆಗ ಗೊತ್ತಾಗುತ್ತೆ. ಆಮೇಲೆ ನೇರವಾಗಿ ಹೇಳಿ: "ನಿಮ್ಮ ಕೆಲಸ ಪೂರ್ತಿ ಮಾಡಿದ್ದೀರಿ, ಅದಕ್ಕೇ 3. ಇದು ಕೊರತೆಯ ನಂಬರ್ ಅಲ್ಲ." ಸಾಧಾರಣ ಅನ್ನೋ ಪದ ಬೇಡ. ಬೇರೆಯವರ ರೇಟಿಂಗ್ ಅಂತೂ ತೆಗೆಯಲೇಬೇಡಿ.

4 ಅಂದರೆ ಏನು ಅನ್ನೋದನ್ನು ಆತನ ಕೆಲಸದಿಂದಲೇ ತೋರಿಸಿ. ಒಂದು ಪಾರ್ಟ್‌ನ ಬೋರ್ ಅಳತೆ ತಪ್ಪಿ ಗ್ರಾಹಕರಿಂದ ಅದೇ ದೂರು ಎರಡು ಸಲ ಬಂತು ಅಂತಿಟ್ಟುಕೊಳ್ಳಿ. ಎರಡು ಸಲವೂ ಕೆಟ್ಟ ಪೀಸ್ ಬೇರೆ ಮಾಡಿ ರಿಪೋರ್ಟ್ ಹಾಕಿದ್ದರೆ ಅದು 3ರ ಕೆಲಸ. ಯಾವ ಮೆಷಿನ್, ಯಾವ ಶಿಫ್ಟ್, ಟೂಲ್ ಸವೆದಿತ್ತಾ ಅಂತ ಹುಡುಕಿ, ಮತ್ತೆ ಆ ದೂರು ಬರದ ಹಾಗೆ ಮಾಡಿದ್ದರೆ ಅದು 4. ಆದರೆ ವರ್ಷದ ಶುರುವಿನಲ್ಲಿ ಆತನಿಗೆ ಇದನ್ನು ಹೇಳಿದ್ರಾ? ಹೇಳಿಲ್ಲ ಅಂದರೆ "ಇದನ್ನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ" ಅಂತ ಒಪ್ಪಿಕೊಳ್ಳಿ.

ಚಿಂತಾಮಣಿ: ನನಗೂ ಈ ಸಲ 3 ಕೊಟ್ಟರು. ಕೆಲಸ ಬಿಡೋದೇ ಒಳ್ಳೇದಲ್ವಾ? ಬೇರೆ ಕಡೆ ಹೋದರೆ ಸಂಬಳವಾದರೂ ಏರುತ್ತೆ.

ವಸಂತನರಸಾಪುರ: ಮೇಡಂ, ಗೌರಿಬಿದನೂರಿನವರು ಹೇಳಿದ್ದು ನಮ್ಮಲ್ಲಿ ನಿಜಾನೇ. ನಾನು 4 ಹಾಕಿದ್ದೆ. ಎಲ್ಲ ವಿಭಾಗದವರೂ ಸೇರಿ ಹೊಂದಿಸುವ ಮೀಟಿಂಗಲ್ಲಿ 3 ಆಯ್ತು.

ವೇಮಗಲ್, ಕೋಲಾರ (ಎಚ್‌ಆರ್): ಆ ಮೀಟಿಂಗಲ್ಲಿ ನೀವೂ ಇದ್ರಿ ಅಲ್ವಾ? "ಎಲ್ಲರ ಕೆಲಸ ಒಟ್ಟಿಗೆ ನೋಡಿ ತೀರ್ಮಾನ ಆಯ್ತು, ನಾನೂ ಅಲ್ಲಿದ್ದೆ, ಕಾರಣ ಇದು" ಅನ್ನಿ. ಕಾರಣ ನಿಮಗೇ ಸರಿಯಾಗಿ ಗೊತ್ತಿಲ್ಲ ಅಂದರೆ ಸೋಮವಾರಕ್ಕೆ ಮುಂಚೆ ಕೇಳಿ ತಿಳ್ಕೊಳ್ಳಿ. ಆತ ಮಾಡಿದ ಯಾವುದಾದರೂ ಕೆಲಸ ಲೆಕ್ಕಕ್ಕೇ ಬಂದಿಲ್ಲ ಅಂತ ಕಂಡರೆ ಮೇಲ್ಮನವಿಗೆ ದಾರಿ ಇದೆಯಾ, ಕೊನೇ ದಿನ ಯಾವಾಗ ಅಂತ ನೋಡಿ, ಆತನಿಗೂ ತಿಳಿಸಿ.

ಗೌರಿಬಿದನೂರು: ನಾನು ಇದನ್ನು ಒಪ್ಪಲ್ಲ. 4 ಹಾಕಿದ್ದು ಹುಡುಗನಿಗೆ ಗೊತ್ತಾಗಲಿ. ನಾಳೆ ಬೇರೆಯವರ ಬಾಯಿಂದ ತಿಳಿದರೆ ನಿಮ್ಮ ಮೇಲೆ ನಂಬಿಕೆ ಉಳಿಯುತ್ತಾ?

ವಸಂತನರಸಾಪುರ: ಅದೇ ಇನ್ನೂ ಗೊಂದಲ. ಕಾರಣ ಏನು ಅಂತ ಪ್ಲಾಂಟ್ ಹೆಡ್ ಹತ್ತಿರ ಇವತ್ತೇ ಕೇಳ್ತೀನಿ.